ಎರಡನೆಯ ಗೇಜ್ ಪಟ್ಟಿಯ ಮೇಲಿರಬೇಕೋ, ಕೆಳಗಿರಬೇಕೋ?

ಪ್ರಶ್ನೆ: ಸರ್, ದಾವಣಗೆರೆಯ ನಮ್ಮ ಮೆಕ್ಕೆಜೋಳದ ಗೋದಾಮಿಗೆಂದು 50 ಕಿಲೋ ಚೀಲ ತೂಗುವ ಸಾಧನವೊಂದನ್ನು ನಾನೇ ಮಾಡುತ್ತಿದ್ದೇನೆ. ಉಕ್ಕಿನ ಪಟ್ಟಿಯ ಒಂದು ತುದಿಯನ್ನು ಗೋಡೆಗೆ ಬಿಗಿದು, ಇನ್ನೊಂದು ತುದಿಯ ಕೊಕ್ಕೆಗೆ ಚೀಲ ನೇತುಹಾಕುತ್ತೇನೆ. ಪಟ್ಟಿಯ ಮೇಲೆ 350 ಓಮ್‌ನ ಒಂದು ಸ್ಟ್ರೇನ್ ಗೇಜ್ ಅಂಟಿಸಿದ್ದೇನೆ. ಬ್ರಿಜ್‌ನ ಉಳಿದ ಮೂರು ಕೈಗಳಲ್ಲಿ 330 ಮತ್ತು 20 ಓಮ್‌ನ ಸಾಮಾನ್ಯ ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಸೇರಿಸಿದ್ದೇನೆ. 5 ವೋಲ್ಟ್ ಕೊಟ್ಟರೆ ಪೂರ್ಣ ಭಾರಕ್ಕೆ 1.2 ಮಿಲಿವೋಲ್ಟ್ ಮಾತ್ರ ಬರುತ್ತದೆ. ಮಧ್ಯಾಹ್ನವಾದರೆ ಸೊನ್ನೆಯೂ ನಿಲ್ಲುವುದಿಲ್ಲ. ಒಂದೇ ಗೇಜ್ ಇರುವ ಬ್ರಿಜ್ ಅರೇಖೀಯ ಎಂದು ಪುಸ್ತಕದಲ್ಲಿ ಓದಿದೆ. ಎರಡನೆಯ ಗೇಜನ್ನು ಮೊದಲನೆಯದರ ಪಕ್ಕದಲ್ಲೇ ಅಂಟಿಸಿ ಎದುರು ಕೈಗೆ ಜೋಡಿಸು ಎನ್ನುತ್ತಾನೆ ಗೆಳೆಯ. ಪಟ್ಟಿಯ ಕೆಳಗೆ ಅಂಟಿಸು ಎನ್ನುತ್ತಾರೆ ನಮ್ಮ ಉಪನ್ಯಾಸಕರು. ಎರಡರಲ್ಲೂ ಸಂಕೇತ ದುಪ್ಪಟ್ಟಾಗುತ್ತದಲ್ಲ, ವ್ಯತ್ಯಾಸವೇನು?

ಉತ್ತರ: ಕೆಳಗೇ ಅಂಟಿಸಿ. ನಿಮ್ಮ ಗೆಳೆಯ ಹೇಳಿದ ಜೋಡಣೆಯಲ್ಲಿ ಸಂಕೇತ ದುಪ್ಪಟ್ಟಾಗುವುದು ನಿಜ, ಆದರೆ ಅದರೊಂದಿಗೆ ಮಧ್ಯಾಹ್ನದ ತಪ್ಪೂ ದುಪ್ಪಟ್ಟಾಗುತ್ತದೆ, ಅರೇಖೀಯತೆ ಇದ್ದಷ್ಟೇ ಉಳಿಯುತ್ತದೆ. ಉಪನ್ಯಾಸಕರು ಹೇಳಿದ ಜೋಡಣೆಯಲ್ಲಿ ಸಂಕೇತ ದುಪ್ಪಟ್ಟಾಗುತ್ತದೆ, ಅರೇಖೀಯತೆ ಪೂರ್ತಿ ಹೋಗುತ್ತದೆ, ಸೊನ್ನೆ ಜಾಗದಲ್ಲಿ ನಿಲ್ಲುತ್ತದೆ. ಒಂದೇ ಬೆಲೆಯ ಒಂದೇ ಗೇಜ್ ಎರಡು ಜಾಗಗಳಲ್ಲಿ ಇಷ್ಟು ಬೇರೆಯಾಗಿ ವರ್ತಿಸುವುದೇಕೆ ಎಂಬುದನ್ನು ಒಮ್ಮೆ ಬುಡದಿಂದ ನೋಡಿಬಿಟ್ಟರೆ, ಮುಂದೆ ಯಾವ ಬ್ರಿಜ್ ಕಂಡರೂ ನಿಮಗೆ ಗೊಂದಲವಾಗದು.

ಬ್ರಿಜ್‌ನ ವಜ್ರಾಕೃತಿಯ ಚಿತ್ರವನ್ನು ಸ್ವಲ್ಪ ಹೊತ್ತು ಮರೆಯಿರಿ. ಅದರ ಬದಲು 5 ವೋಲ್ಟ್ ತಂತಿಗೂ ಭೂಮಿ ತಂತಿಗೂ ನಡುವೆ ಅಕ್ಕಪಕ್ಕ ನಿಂತ ಎರಡು ಏಣಿಗಳನ್ನು ಕಲ್ಪಿಸಿಕೊಳ್ಳಿ. ಒಂದೊಂದು ಏಣಿಯಲ್ಲೂ ಮೇಲೊಂದು ಕೆಳಗೊಂದು, ಎರಡೇ ರೋಧಗಳು. ನಾವು ಅಳೆಯುವುದು ಎಡ ಏಣಿಯ ನಡುಬಿಂದುವಿಗೂ ಬಲ ಏಣಿಯ ನಡುಬಿಂದುವಿಗೂ ಇರುವ ವ್ಯತ್ಯಾಸವನ್ನು. ನಿಮ್ಮ ಗೇಜ್ ಎಡ ಏಣಿಯ ಕೆಳಗಿನ ಜಾಗದಲ್ಲಿದೆ ಎಂದುಕೊಳ್ಳೋಣ. ಭಾರ ಬಿದ್ದಾಗ ಪಟ್ಟಿಯೊಡನೆ ಗೇಜೂ ಹಿಗ್ಗಿ, ಅದರ ರೋಧ R ಇದ್ದದ್ದು R(1+x) ಆಗುತ್ತದೆ. ಇಲ್ಲಿ x ಎಂದರೆ ರೋಧದಲ್ಲಾದ ಬದಲಾವಣೆಯ ಪಾಲು, ΔR/R. ಬಲ ಏಣಿಯ ನಡುಬಿಂದು ಅರ್ಧ ವೋಲ್ಟೇಜಿನಲ್ಲಿ ಕದಲದೆ ನಿಂತಿದೆ. ಎಡದ ನಡುಬಿಂದು ಮೇಲೇರುತ್ತದೆ. ಬ್ರಿಜ್‌ಗೆ ಕೊಟ್ಟ ವೋಲ್ಟೇಜನ್ನು Vs ಎಂದರೆ, ವ್ಯತ್ಯಾಸ Vo ಹೀಗೆ ಬರುತ್ತದೆ:

```
Vo = Vs · x / (4 + 2x)
```

ಛೇದದಲ್ಲಿರುವ ಆ 2x ಒಂದೇ ಎಲ್ಲ ಅರೇಖೀಯತೆಗೆ ಕಾರಣ. ಅದು ಅಲ್ಲಿಗೆ ಬಂದದ್ದು ಹೇಗೆ? ಗೇಜ್‌ನ ರೋಧ ಹೆಚ್ಚಿದಾಗ ಆ ಏಣಿಯ ಒಟ್ಟು ರೋಧವೂ ಹೆಚ್ಚುತ್ತದೆ. ಒಟ್ಟು ರೋಧ ಹೆಚ್ಚಿದರೆ ಏಣಿಯಲ್ಲಿ ಹರಿಯುವ ವಿದ್ಯುತ್ ಕಡಿಮೆಯಾಗುತ್ತದೆ. ಅಂದರೆ ಗೇಜ್ ತನ್ನ ಬದಲಾವಣೆಯನ್ನು ತೋರಿಸಲು ನೆಚ್ಚಿಕೊಂಡ ವಿದ್ಯುತ್ತನ್ನು ಆ ಬದಲಾವಣೆಯೇ ಸ್ವಲ್ಪ ಕುಗ್ಗಿಸುತ್ತದೆ. ಹಿಗ್ಗುವಾಗ ಸಂಕೇತ ಬರಬೇಕಾದುದಕ್ಕಿಂತ ತುಸು ಕಡಿಮೆ, ಕುಗ್ಗುವಾಗ ತುಸು ಹೆಚ್ಚು. ಗೇಜ್‌ನಲ್ಲಿ ದೋಷವಿಲ್ಲ, ಅದು ಏಣಿಯ ಲೆಕ್ಕ.

ಈ ಬ್ರಿಜ್ಜನ್ನು 1833ರಲ್ಲಿ ಕ್ರಿಸ್ಟಿ ವಿವರಿಸಿದ್ದರು, 1843ರಲ್ಲಿ ವೀಟ್‌ಸ್ಟನ್ ಅದನ್ನು ಎಲ್ಲರಿಗೂ ಪರಿಚಯಿಸಿದರು. ಅವರ ಕಾಲದಲ್ಲಿ ಸಂಕೇತದ ಗೆರೆಯ ಈ ಬಾಗು, ಎಂದರೆ ಅರೇಖೀಯತೆ, ಯಾರಿಗೂ ತೊಂದರೆ ಕೊಡಲಿಲ್ಲ. ಅವರು ಒಂದು ಕೈಯ ರೋಧವನ್ನು ತಿರುಗಿಸುತ್ತ ಮುಳ್ಳು ಸೊನ್ನೆಗೆ ಬರುವವರೆಗೆ ಸರಿದೂಗಿಸಿ, ಆಮೇಲೆ ರೋಧಗಳ ಅನುಪಾತವನ್ನು ಓದುತ್ತಿದ್ದರು. ಸೊನ್ನೆಯಲ್ಲಿ ಬಾಗಿನ ಪ್ರಶ್ನೆಯೇ ಇಲ್ಲ. ನಾವು ಬ್ರಿಜ್ಜನ್ನು ಸರಿದೂಗಿಸದೆ, ಅದು ಎಷ್ಟು ವಾಲಿದೆ ಎಂಬುದನ್ನೇ ಅಳತೆಯಾಗಿ ಓದುತ್ತೇವೆ. ತೊಂದರೆ ಬಂದದ್ದು ಅಲ್ಲಿಂದ.

ಈಗ ನಿಮ್ಮ ಪಟ್ಟಿಗೆ ಬರೋಣ. ಅಳತೆಗಳನ್ನು ನೀವು ಬರೆದಿಲ್ಲ, ಆದ್ದರಿಂದ ನಿಮ್ಮ 1.2 ಮಿಲಿವೋಲ್ಟ್‌ಗೆ ಹೊಂದುವ ಪಟ್ಟಿಯೊಂದನ್ನು ಇಟ್ಟುಕೊಳ್ಳುತ್ತೇನೆ: ಅಗಲ 60 ಮಿಲಿಮೀಟರ್, ದಪ್ಪ 10 ಮಿಲಿಮೀಟರ್, ಕೊಕ್ಕೆಯಿಂದ ಗೇಜ್‌ಗೆ 200 ಮಿಲಿಮೀಟರ್. 50 ಕಿಲೋ ನೇತುಹಾಕಿದರೆ ಗೇಜ್ ಇರುವಲ್ಲಿ ಉಕ್ಕಿನ ಮೇಲ್ಮೈ ಹತ್ತು ಲಕ್ಷಕ್ಕೆ ಸುಮಾರು 490 ಪಾಲು ಹಿಗ್ಗುತ್ತದೆ. ಲೆಕ್ಕದ ಸುಲಭಕ್ಕೆ 500 ಮೈಕ್ರೋಸ್ಟ್ರೇನ್ ಎನ್ನೋಣ. ಹಿಗ್ಗಿದ ಪಾಲಿನ ಎಷ್ಟು ಪಟ್ಟು ರೋಧ ಬದಲಾಗುತ್ತದೆ ಎಂದು ಹೇಳುವ ಗೇಜ್ ಫ್ಯಾಕ್ಟರ್ 2 ಆದ್ದರಿಂದ ರೋಧದ ಬದಲಾವಣೆ ಸಾವಿರಕ್ಕೆ ಒಂದು ಪಾಲು, ಎಂದರೆ 350 ಓಮ್‌ನಲ್ಲಿ 0.35 ಓಮ್. x ಬೆಲೆ 0.001. ಐದು ವೋಲ್ಟನ್ನು ನಾಲ್ಕರಿಂದ ಭಾಗಿಸಿ ಸಾವಿರಕ್ಕೆ ಒಂದು ಪಾಲು ತೆಗೆದರೆ 1.25 ಮಿಲಿವೋಲ್ಟ್. ನೀವು ಕಂಡದ್ದೂ ಹೆಚ್ಚುಕಡಿಮೆ ಅದೇ. ನಿಮ್ಮ ಪಟ್ಟಿಯೂ ಸುಮಾರು ಈ ಅಳತೆಯದಾದರೆ ಗೇಜ್ ಚೆನ್ನಾಗಿ ಅಂಟಿದೆ, ವೈರಿಂಗ್ ಸರಿಯಾಗಿದೆ ಎಂದರ್ಥ. ಸಂಕೇತ ಇಷ್ಟೇ ಬರುವುದು ಆ ಜೋಡಣೆಯ ಮಿತಿ.

ಇಷ್ಟು ಸಣ್ಣ x ಇರುವಾಗ ಅರೇಖೀಯತೆ ಎಷ್ಟಾಗುತ್ತದೆ? ಸುಲಭ ಸೂತ್ರ ಇಷ್ಟೇ: ರೋಧ ಶೇಕಡಾ ಎಷ್ಟು ಬದಲಾಯಿತೋ ಅದರ ಅರ್ಧದಷ್ಟು ಶೇಕಡಾವಾರು ಸಂಕೇತ ತಪ್ಪುತ್ತದೆ. ನಿಮ್ಮಲ್ಲಿ ಶೇ. 0.1 ಬದಲಾವಣೆ, ಆದ್ದರಿಂದ ಶೇ. 0.05 ತಪ್ಪು. 50 ಕಿಲೋಗೆ 25 ಗ್ರಾಂ. ಅದೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ನೀವು ಖಾಲಿ ಕೊಕ್ಕೆಯಲ್ಲಿ ಸೊನ್ನೆಯನ್ನೂ 50 ಕಿಲೋ ಕಲ್ಲು ಹಾಕಿ ಪೂರ್ಣ ಭಾರವನ್ನೂ ಹೊಂದಿಸಿದ ಮೇಲೆ ಎರಡೂ ತುದಿಗಳಲ್ಲಿ ತಪ್ಪು ಸೊನ್ನೆಯಾಗುತ್ತದೆ, ನಡುವಿನಲ್ಲಿ ಮಾತ್ರ ಒಂದಿಷ್ಟು ಉಬ್ಬು ಉಳಿಯುತ್ತದೆ. ಆ ಉಬ್ಬು 25 ಕಿಲೋ ಹತ್ತಿರ ಅತಿ ಹೆಚ್ಚು, ಆಗಲೂ ಕೇವಲ 6 ಗ್ರಾಂ. ಮೆಕ್ಕೆಜೋಳದ ಚೀಲಕ್ಕೆ ಆರು ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ.

ಪುಸ್ತಕದಲ್ಲಿ ಓದಿದ ಅರೇಖೀಯತೆಗೆ ನೀವು ಹೆದರಬೇಕಿರಲಿಲ್ಲ ಎಂದು ಇದರಿಂದ ತಿಳಿಯುತ್ತದೆ. ಹೆದರಬೇಕಾದದ್ದು ಬೇರೊಂದಕ್ಕೆ, ಮತ್ತು ಅದು ನಿಮ್ಮ ಪ್ರಶ್ನೆಯಲ್ಲೇ ಇದೆ: ಮಧ್ಯಾಹ್ನ ನಿಲ್ಲದ ಸೊನ್ನೆ.

ಎಡ ಏಣಿಯಲ್ಲಿ ಗೇಜ್‌ನ ಮೇಲೆ ನಿಂತಿರುವ 330 ಮತ್ತು 20 ಓಮ್‌ಗಳನ್ನು ನೋಡಿ. ಅಂಗಡಿಯಲ್ಲಿ ಸಿಗುವ ಮೆಟಲ್ ಫಿಲ್ಮ್ ರೆಸಿಸ್ಟರ್ ಒಂದು ಡಿಗ್ರಿ ಬಿಸಿಯೇರಿದರೆ ಹತ್ತು ಸಾವಿರಕ್ಕೆ ಒಂದು ಪಾಲಿನಷ್ಟು ಬದಲಾಗುವುದು ಸಾಮಾನ್ಯ. ಬೆಳಗಿನಿಂದ ಮಧ್ಯಾಹ್ನಕ್ಕೆ ನಿಮ್ಮ ಪೆಟ್ಟಿಗೆ 10 ಡಿಗ್ರಿ ಬಿಸಿಯಾಯಿತು ಎನ್ನೋಣ. ದಾವಣಗೆರೆಯ ಏಪ್ರಿಲ್ ತಿಂಗಳಲ್ಲಿ, ತಗಡಿನ ಸೂರಿನ ಗೋದಾಮಿನಲ್ಲಿ, 10 ಡಿಗ್ರಿ ಕಡಿಮೆ ಅಂದಾಜೇ ಸರಿ. ಆಗ ಆ ರೋಧ ಸಾವಿರಕ್ಕೆ ಒಂದು ಪಾಲು ಬದಲಾಗುತ್ತದೆ. ಸಾವಿರಕ್ಕೆ ಒಂದು ಪಾಲು ಎಂದರೆ ಏನೆಂದು ಈಗಷ್ಟೇ ನೋಡಿದೆವು. ಅದು ನಿಮ್ಮ 50 ಕಿಲೋ ಚೀಲ. ಖಾಲಿ ಕೊಕ್ಕೆ, ಬಿಸಿಲು ಮಾತ್ರ, ಆದರೂ ಒಂದಿಡೀ ಚೀಲದಷ್ಟು ಸೊನ್ನೆ ಸರಿಯಬಹುದು. ಬಲ ಏಣಿಯಲ್ಲಿ ಮೇಲೂ ಕೆಳಗೂ ಒಂದೇ ಜಾತಿಯ ರೆಸಿಸ್ಟರ್ ಇರುವುದರಿಂದ ಎರಡೂ ಒಟ್ಟಿಗೆ ಬದಲಾಗಿ ನಡುಬಿಂದು ಬಹುಮಟ್ಟಿಗೆ ಕದಲದೆ ಉಳಿಯುತ್ತದೆ. ಎಡ ಏಣಿಯಲ್ಲಿ ಮೇಲೆ ರೆಸಿಸ್ಟರ್, ಕೆಳಗೆ ಗೇಜ್, ಇಬ್ಬರದೂ ಬೇರೆ ಜಾತಿ, ಬೇರೆ ಜಾಗ, ಬೇರೆ ಬಿಸಿ. ಅಲ್ಲೇ ಅದು ಸರಿಯುವುದು.

ಇದಕ್ಕೆ ಗೇಜ್‌ನ ತಂತಿಯೂ ಸೇರುತ್ತದೆ. ಗೇಜ್‌ನಿಂದ ಪೆಟ್ಟಿಗೆಗೆ ಹೋಗಿಬರುವ ಸಣ್ಣ ತಾಮ್ರದ ತಂತಿಯ ರೋಧ ಒಟ್ಟು 0.8 ಓಮ್ ಇದ್ದರೆ, ತಾಮ್ರ ಡಿಗ್ರಿಗೆ ಸುಮಾರು ಶೇ. 0.39 ಏರುವುದರಿಂದ, 20 ಡಿಗ್ರಿಗೆ 0.06 ಓಮ್ ಹೆಚ್ಚುತ್ತದೆ. ಪೂರ್ಣ ಭಾರಕ್ಕೆ 0.35 ಓಮ್ ಬದಲಾಗುವ ಕಡೆ 0.06 ಎಂದರೆ ಸುಮಾರು 9 ಕಿಲೋ. ಬಿಸಿಲಲ್ಲಿ ಬಿದ್ದ ತಂತಿಯೇ ಅಷ್ಟು ತೂಗುತ್ತದೆ.

ಈ ಹಿನ್ನೆಲೆಯಲ್ಲಿ ಗೆಳೆಯನ ಸಲಹೆಯನ್ನು ನೋಡೋಣ. ಮೊದಲ ಗೇಜ್ ಎಡ ಏಣಿಯ ಕೆಳಗೆ, ಎರಡನೆಯದು ಬಲ ಏಣಿಯ ಮೇಲೆ. ಎರಡೂ ಪಟ್ಟಿಯ ಮೇಲ್ಮೈಯಲ್ಲೇ ಇರುವುದರಿಂದ ಎರಡೂ ಒಟ್ಟಿಗೆ ಹಿಗ್ಗುತ್ತವೆ. ಎಡ ನಡುಬಿಂದು ಮೇಲೇರುತ್ತದೆ, ಬಲ ನಡುಬಿಂದು ಕೆಳಗಿಳಿಯುತ್ತದೆ. ಸಂಕೇತ ದುಪ್ಪಟ್ಟು, 2.5 ಮಿಲಿವೋಲ್ಟ್:

```
Vo = Vs · x / (2 + x)
```

ಹಿಂದಿನ ಸೂತ್ರದ ಪಕ್ಕದಲ್ಲಿಟ್ಟು ನೋಡಿ. ಛೇದವನ್ನು ಎರಡರಿಂದ ಭಾಗಿಸಿದಂತಾಗಿದೆಯೇ ಹೊರತು ಅದರಲ್ಲಿನ x ಹೋಗಿಲ್ಲ. ಎರಡು ಏಣಿಗಳಲ್ಲೂ ಒಟ್ಟು ರೋಧ ಹೆಚ್ಚುತ್ತದೆ, ಎರಡರಲ್ಲೂ ವಿದ್ಯುತ್ ಕುಗ್ಗುತ್ತದೆ. ಶೇಕಡಾವಾರು ಬಾಗು ಮೊದಲಿನಷ್ಟೇ. ಅದಕ್ಕಿಂತ ಮುಖ್ಯವಾಗಿ, ಬಿಸಿಲಿಗೆ ಎರಡೂ ಗೇಜ್‌ಗಳ ರೋಧ ಒಂದೇ ದಿಕ್ಕಿನಲ್ಲಿ ಬದಲಾದರೆ, ಬ್ರಿಜ್ ಅದನ್ನು ಭಾರದಿಂದ ಬೇರ್ಪಡಿಸಲಾರದು. ಭಾರಕ್ಕೆ ಹೇಗೆ ಎರಡೂ ಕೂಡುತ್ತವೆಯೋ ಬಿಸಿಗೂ ಹಾಗೆಯೇ ಕೂಡುತ್ತವೆ. ಮೊದಲು ಒಂದು ತಂತಿ ಸುಳ್ಳು ಹೇಳುತ್ತಿತ್ತು, ಈಗ ಎರಡು ತಂತಿಗಳು ಒಂದೇ ಸುಳ್ಳನ್ನು ಹೇಳುತ್ತವೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯಲ್ಲಿ ಶೇಂಗಾ ತೂಗುವ ಹಾಪರ್‌ಗೆ ಗೇಜ್ ಅಂಟಿಸುವ ಕೆಲಸ ಬಂದಿತ್ತು. ತೊಲೆಯ ಕೆಳಭಾಗಕ್ಕೆ ಕೈ ಹೋಗುತ್ತಿರಲಿಲ್ಲ ಎಂಬ ಕಾರಣಕ್ಕೆ ಎರಡೂ ಗೇಜ್‌ಗಳನ್ನು ಮೇಲೆಯೇ ಅಂಟಿಸಿ ಎದುರು ಕೈಗಳಿಗೆ ಜೋಡಿಸಿದೆ. ಬೆಳಗ್ಗೆ ಹೊಂದಿಸಿದಾಗ ಚೊಕ್ಕವಾಗಿತ್ತು. ಸೂರಿನ ಸಂದಿಯಿಂದ ಬಿಸಿಲಿನ ಒಂದು ಪಟ್ಟೆ ತೊಲೆಯ ಮೇಲೆ ಬೀಳತೊಡಗಿದ ಮೇಲೆ ಖಾಲಿ ಹಾಪರ್ ತೂಕ ತೋರಿಸಲಾರಂಭಿಸಿತು. ಮೋಡ ಬಂದರೆ ಇಳಿಯುತ್ತಿತ್ತು, ಮೋಡ ಸರಿದರೆ ಏರುತ್ತಿತ್ತು. ನಾನು ಎರಡು ದಿನ ಆಂಪ್ಲಿಫೈಯರ್‌ನಲ್ಲಿ ದೋಷ ಹುಡುಕಿದೆ. ಮೂರನೆಯ ದಿನ ಗಿರಣಿಯ ಹಮಾಲರೊಬ್ಬರು ತೊಲೆಯ ಮೇಲೆ ಗೋಣಿ ತಾಟು ಹೊದಿಸಿದ ಮೇಲೆ ಸೊನ್ನೆ ನಿಧಾನವಾಗಿ ಮರಳಿದ್ದು ನೋಡಿ ಕಣ್ಣು ತೆರೆಯಿತು. ತೊಲೆಯನ್ನು ಬಿಚ್ಚಿ ಕೆಳಗೆ ಗೇಜ್ ಅಂಟಿಸುವವರೆಗೆ ಆ ಕೆಲಸ ಮುಗಿಯಲಿಲ್ಲ.

ಈಗ ಉಪನ್ಯಾಸಕರ ಸಲಹೆ. ಪಟ್ಟಿ ಬಾಗಿದಾಗ ಮೇಲ್ಮೈ ಎಷ್ಟು ಹಿಗ್ಗುತ್ತದೆಯೋ ಕೆಳಮೈ ಅಷ್ಟೇ ಕುಗ್ಗುತ್ತದೆ. ಎಡ ಏಣಿಯ ಕೆಳಗೆ ಮೇಲ್ಮೈ ಗೇಜ್, R(1+x). ಅದೇ ಏಣಿಯ ಮೇಲೆ, ಆ 330 ಮತ್ತು 20 ಓಮ್‌ಗಳನ್ನು ತೆಗೆದು, ಕೆಳಮೈ ಗೇಜ್, R(1−x). ಎರಡನ್ನೂ ಕೂಡಿ: 2R. x ಮಾಯ. ಭಾರ ಎಷ್ಟೇ ಬೀಳಲಿ, ಏಣಿಯ ಒಟ್ಟು ರೋಧ ಬದಲಾಗುವುದಿಲ್ಲ, ಹರಿಯುವ ವಿದ್ಯುತ್ ಬದಲಾಗುವುದಿಲ್ಲ. ನಡುಬಿಂದು ಮಾತ್ರ ಭಾರಕ್ಕೆ ಸರಿಯಾಗಿ ಏರುತ್ತದೆ:

```
Vo = Vs · x / 2
```

ಛೇದದಲ್ಲಿ x ಇಲ್ಲ. ಅರೇಖೀಯತೆ ಕಡಿಮೆಯಾಗಿದೆ ಎಂದಲ್ಲ, ಬ್ರಿಜ್‌ನಿಂದ ಬರುವ ಅರೇಖೀಯತೆ ಇಲ್ಲವೇ ಇಲ್ಲ. ಸಂಕೇತ 2.5 ಮಿಲಿವೋಲ್ಟ್.

ಬಿಸಿಲಿನ ಲೆಕ್ಕ ಇನ್ನೂ ಸೊಗಸು. ಬಿಸಿಗೆ ಎರಡೂ ಗೇಜ್‌ಗಳು t ಪಾಲು ಹೆಚ್ಚಾದರೆ ಒಂದು R(1+x+t), ಇನ್ನೊಂದು R(1−x+t) ಆಗುತ್ತದೆ. ನಡುಬಿಂದುವನ್ನು ಲೆಕ್ಕ ಹಾಕಿ ನೋಡಿ, ಸಂಕೇತ ಹೀಗಿರುತ್ತದೆ:

```
Vo = Vs · x / (2 · (1 + t))
```

x ಸೊನ್ನೆಯಾದರೆ Vo ಸೊನ್ನೆ, t ಎಷ್ಟಿದ್ದರೂ ಸರಿ. ಖಾಲಿ ಕೊಕ್ಕೆ ಖಾಲಿಯಾಗಿಯೇ ಉಳಿಯುತ್ತದೆ. ಹಿಂದೆ ಒಂದಿಡೀ ಚೀಲವನ್ನು ಸೃಷ್ಟಿಸುತ್ತಿದ್ದ ಸಾವಿರಕ್ಕೆ ಒಂದು ಪಾಲಿನ ಬದಲಾವಣೆ ಈಗ ತೂಕದ ಸಾವಿರಕ್ಕೆ ಒಂದು ಪಾಲನ್ನು ಮಾತ್ರ ಕದಲಿಸುತ್ತದೆ: 50 ಕಿಲೋಗೆ 50 ಗ್ರಾಂ. ಎರಡನೆಯ ಗೇಜ್‌ನಿಂದ ನಿಮಗಾಗುವ ನಿಜವಾದ ಲಾಭ ಇದು. ಸಂಕೇತ ದುಪ್ಪಟ್ಟಾಗುವುದು ಅದರ ಜೊತೆಗೆ ಬಂದದ್ದು.

ಆದರೆ ಈ ಲಾಭ ಸಿಗಬೇಕಾದರೆ ಎರಡು ಗೇಜ್‌ಗಳು ನಿಜಕ್ಕೂ ಜೋಡಿಯಾಗಿರಬೇಕು. ನಮ್ಮ ರೈತರು ಎತ್ತು ಕೊಳ್ಳುವಾಗ ಎತ್ತರ, ನಡಿಗೆ, ವಯಸ್ಸು ಎಲ್ಲ ನೋಡಿ ಜೋಡಿ ಮಾಡುವಂತೆ ಇಲ್ಲಿಯೂ ಮೂರು ವಿಷಯ ನೋಡಬೇಕು, ಮತ್ತು ಮೂರಕ್ಕೂ ಒಂದೇ ಮಹತ್ವವಿಲ್ಲ.

ಮೊದಲನೆಯದು ಆರಂಭದ ರೋಧ. ಪ್ಯಾಕೆಟ್ ಮೇಲೆ 350 ± 0.3% ಎಂದಿದ್ದರೆ ಎರಡರ ನಡುವೆ ಒಂದೆರಡು ಓಮ್ ವ್ಯತ್ಯಾಸ ಬರಬಹುದು. ಅದು ಪೂರ್ಣ ಭಾರದ ಬದಲಾವಣೆಗಿಂತ ಎಷ್ಟೋ ಪಟ್ಟು ಹೆಚ್ಚು, ಆದ್ದರಿಂದ ಭಾರವಿಲ್ಲದಾಗಲೂ ಕೆಲವು ಮಿಲಿವೋಲ್ಟ್ ಕಾಣುತ್ತದೆ. ಗಾಬರಿಯಾಗಬೇಡಿ. ಅದು ನಿಂತ ನೀರಿನಂತೆ, ಸಾಫ್ಟ್‌ವೇರಿನಲ್ಲಿ ಕಳೆದುಬಿಡಬಹುದು. ನೀವು HX711 ಎಂಬ ವರ್ಧಕ ಚಿಪ್ ಬಳಸುತ್ತಿದ್ದರೆ ಅದರ 128 ಪಟ್ಟು ವರ್ಧನೆಯಲ್ಲಿ, 5 ವೋಲ್ಟ್ ಕೊಟ್ಟಾಗ, ಒಳಗೆ ಹೋಗುವ ಸಂಕೇತ ಎರಡೂ ಕಡೆಗೆ 20 ಮಿಲಿವೋಲ್ಟ್ ಮೀರದಿದ್ದರೆ ಸಾಕು.

ಎರಡನೆಯದು ಹಿಗ್ಗು ಮತ್ತು ಕುಗ್ಗು ಸಮವಾಗಿರುವುದು. ಕೆಳಗಿನ ಗೇಜ್ ಹತ್ತು ಮಿಲಿಮೀಟರ್ ಕೊಕ್ಕೆಯ ಕಡೆಗೆ ಸರಿದು ಅಂಟಿತು, ಅದು 1 ಬದಲು 0.95ರಷ್ಟು ಕುಗ್ಗುತ್ತದೆ ಎನ್ನೋಣ. ಏಣಿಯ ಒಟ್ಟು ರೋಧದಲ್ಲಿ ಇಪ್ಪತ್ತರಲ್ಲಿ ಒಂದು ಪಾಲು x ಉಳಿಯುತ್ತದೆ. ಹಾಗಾದರೆ ಅರೇಖೀಯತೆಯೂ ಒಂದೇ ಗೇಜ್ ಇದ್ದಾಗಿನ ಇಪ್ಪತ್ತರಲ್ಲಿ ಒಂದು ಪಾಲು. ಆರು ಗ್ರಾಂನ ಇಪ್ಪತ್ತನೆಯ ಒಂದು ಭಾಗಕ್ಕೆ ಯಾರೂ ಚಿಂತಿಸಬೇಕಿಲ್ಲ. ರೇಖೀಯತೆ ಜೋಡಿಯ ಸಣ್ಣ ಹೊಂದಾಣಿಕೆ ತಪ್ಪುಗಳನ್ನು ಧಾರಾಳವಾಗಿ ಕ್ಷಮಿಸುತ್ತದೆ.

ಮೂರನೆಯದೇ ನಿಜವಾದ ಪರೀಕ್ಷೆ: ಎರಡೂ ಒಂದೇ ಬಿಸಿಯಲ್ಲಿ ಇರುವುದು, ಬಿಸಿಗೆ ಒಂದೇ ರೀತಿ ವರ್ತಿಸುವುದು. ಅದಕ್ಕೇ ಎರಡನ್ನೂ ಒಂದೇ ಪ್ಯಾಕೆಟ್‌ನಿಂದ ತೆಗೆಯಿರಿ. ಪ್ಯಾಕೆಟ್ ಮೇಲೆ ಯಾವ ಲೋಹಕ್ಕೆ ಹೊಂದಿಸಿದ್ದು ಎಂದು ಬರೆದಿರುತ್ತದೆ. ಉಕ್ಕಿಗೆ 11, ಅಲ್ಯೂಮಿನಿಯಂಗೆ 23 ಎಂಬ ಅಂಕಿ ಸಾಮಾನ್ಯ, ಅದು ಆ ಲೋಹ ಡಿಗ್ರಿಗೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಹಿಗ್ಗುತ್ತದೆ ಎಂಬುದು. ಅಲ್ಯೂಮಿನಿಯಂನ ಗೇಜನ್ನು ಉಕ್ಕಿಗೆ ಅಂಟಿಸಿದರೆ ಒಂದು ಡಿಗ್ರಿಗೆ ಸುಮಾರು 12 ಮೈಕ್ರೋಸ್ಟ್ರೇನ್ ಸುಳ್ಳು ಬರುತ್ತದೆ. ಎರಡೂ ಗೇಜ್ ಒಂದೇ ಬಿಸಿಯಲ್ಲಿದ್ದರೆ ಜೋಡಿ ಅದನ್ನು ಅಳಿಸುತ್ತದೆ. ಆದರೆ ಮೇಲ್ಮೈಗೆ ಬಿಸಿಲು ಬಿದ್ದು ಕೆಳಮೈ ನೆರಳಲ್ಲಿದ್ದು ಒಂದೇ ಒಂದು ಡಿಗ್ರಿ ವ್ಯತ್ಯಾಸವಾದರೂ ಆ 12 ಉಳಿಯುತ್ತದೆ. ಎರಡು ಗೇಜ್‌ಗಳ ಪೂರ್ಣ ಭಾರದ ಸಂಕೇತ 1000, ಅದರಲ್ಲಿ 12 ಎಂದರೆ 600 ಗ್ರಾಂ. ಉಕ್ಕಿಗೇ ಹೊಂದಿಸಿದ ಗೇಜ್ ಆದರೆ ಇದು ಬಹಳ ಮಟ್ಟಿಗೆ ತಗ್ಗುತ್ತದೆ. ಪಟ್ಟಿಯ ಮೇಲೆ ನೆರಳಿಗೊಂದು ತಗಡು ಕಟ್ಟುವುದು ಅದಕ್ಕಿಂತಲೂ ಅಗ್ಗ.

ಪೆಟ್ಟಿಗೆಯಿಂದ ಗೇಜ್‌ಗಳಿಗೆ ಹೋಗುವ ತಂತಿಗಳೂ ಜೋಡಿಯೇ. ಎರಡೂ ಗೇಜ್‌ಗಳ ತಂತಿ ಒಂದೇ ಉದ್ದ, ಒಂದೇ ದಪ್ಪ, ಒಂದೇ ಕೊಳವೆಯಲ್ಲಿ ಹೋಗಲಿ. ಆಗ ಆ 9 ಕಿಲೋದ ತಂತಿ ತಪ್ಪು ಏಣಿಯ ಎರಡೂ ಬದಿಗೆ ಸಮವಾಗಿ ಬಿದ್ದು ಅಳಿಸಿಹೋಗುತ್ತದೆ. ಬಲ ಏಣಿಯ ಎರಡು ಸ್ಥಿರ ರೆಸಿಸ್ಟರ್‌ಗಳನ್ನು 330 ಮತ್ತು 20 ಸೇರಿಸಿ ಮಾಡುವ ಅಗತ್ಯವೂ ಇಲ್ಲ. ಅಲ್ಲಿ ಮುಖ್ಯವಾದದ್ದು ಎರಡರ ಅನುಪಾತ ಮಾತ್ರ. ಒಂದೇ ಬ್ಯಾಚಿನ ಎರಡು 1 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಒಂದಕ್ಕೊಂದು ತಾಗಿಸಿ ಬೆಸುಗೆ ಹಾಕಿದರೆ ಸಾಕು. ತಾಪಕ್ಕೆ ಕಡಿಮೆ ಬದಲಾಗುವ ಜಾತಿ ಸಿಕ್ಕರೆ ಕೊಳ್ಳಿ, ಬೆಲೆ ಸ್ವಲ್ಪ ಹೆಚ್ಚು, ಕೊಟ್ಟಿದ್ದಕ್ಕೆ ಮೋಸವಿಲ್ಲ.

ಇಲ್ಲಿಯವರೆಗೆ ಬಂದವರು ಇನ್ನೂ ಎರಡು ಗೇಜ್ ಅಂಟಿಸದೆ ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಮೇಲೆರಡು, ಕೆಳಗೆರಡು. ಎಡ ಏಣಿಯಲ್ಲಿ ಕೆಳಗೆ ಹಿಗ್ಗುವ ಗೇಜ್, ಮೇಲೆ ಕುಗ್ಗುವ ಗೇಜ್. ಬಲ ಏಣಿಯಲ್ಲಿ ತಿರುವುಮುರುವು. ಎರಡು ನಡುಬಿಂದುಗಳೂ ಎದುರು ದಿಕ್ಕಿಗೆ ಸರಿಯುತ್ತವೆ, Vo = Vs · x, ಎಂದರೆ 5 ಮಿಲಿವೋಲ್ಟ್. ಒಂದೇ ಗೇಜ್ ಇದ್ದಾಗಿನ ನಾಲ್ಕು ಪಟ್ಟು. ಆಂಪ್ಲಿಫೈಯರ್‌ನ ಗದ್ದಲ ಮೊದಲಿನಷ್ಟೇ ಇರುವುದರಿಂದ ಕೊನೆಯ ಅಂಕಿಯ ಕುಣಿತ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಸ್ಥಿರ ರೆಸಿಸ್ಟರ್‌ಗಳ ಜಂಜಾಟವೇ ಇರುವುದಿಲ್ಲ, ಬ್ರಿಜ್ ಪೂರ್ತಿ ಪಟ್ಟಿಯ ಮೇಲೆಯೇ ಇರುತ್ತದೆ. ಸಂಕೇತ ಹೆಚ್ಚಿಸಲು 5 ವೋಲ್ಟ್ ಬದಲು 10 ವೋಲ್ಟ್ ಕೊಡುವ ಯೋಚನೆ ಬಂದರೆ ತಡೆಯಿರಿ: 5 ವೋಲ್ಟ್‌ನಲ್ಲಿ ಒಂದು ಗೇಜ್ ಸುಮಾರು 18 ಮಿಲಿವ್ಯಾಟ್ ಬಿಸಿಯಾಗುತ್ತದೆ, 10ರಲ್ಲಿ ಅದು 71 ಆಗುತ್ತದೆ. ಬಿಸಿಯೊಡನೆ ಇಷ್ಟು ಹೋರಾಡಿದ ಮೇಲೆ ಅದನ್ನು ನಾವೇ ಕರೆತರುವುದು ಬೇಡ.

ಒಂದು ಮಾತು ಬಾಕಿ. ಪಟ್ಟಿಯಲ್ಲಿ ನಿರ್ಲಕ್ಷಿಸಿದ ಅರೇಖೀಯತೆಯನ್ನು ಎಲ್ಲೆಡೆ ನಿರ್ಲಕ್ಷಿಸಬೇಡಿ. ಮುಂದೆ ಇದೇ ಗೋದಾಮಿನ ಕಾಳಿನ ರಾಶಿಯ ಬಿಸಿ ಅಳೆಯಲು Pt100 ಎಂಬ ಪ್ಲಾಟಿನಂ ಸಂವೇದಕವನ್ನು ಇಂಥದೇ ಬ್ರಿಜ್‌ಗೆ ಹಾಕಿದಿರಿ ಎನ್ನೋಣ. ಅದರ ರೋಧ 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ಇಲ್ಲಿ x ಸಾವಿರಕ್ಕೆ ಒಂದಲ್ಲ, ಶೇ. 38.5. ಎರಡೂ ತುದಿಗಳಲ್ಲಿ ಹೊಂದಿಸಿಟ್ಟರೂ 50 ಡಿಗ್ರಿ ಇರುವಾಗ ಅದು 54.8 ತೋರಿಸುತ್ತದೆ. ಬಿಸಿಯಾದರೆ ಅಷ್ಟೇ ಪ್ರಮಾಣದಲ್ಲಿ ಕುಗ್ಗುವ ಪ್ಲಾಟಿನಂ ಎಲ್ಲಿಯೂ ಸಿಗುವುದಿಲ್ಲ, ಆದ್ದರಿಂದ ಜೋಡಿಯ ಉಪಾಯ ಅಲ್ಲಿ ನಡೆಯದು. ಬ್ರಿಜ್‌ಗೆ ಸ್ಥಿರ ವೋಲ್ಟೇಜ್ ಬದಲು ಸ್ಥಿರ ವಿದ್ಯುತ್ ಕೊಟ್ಟರೆ ಬಾಗು ಸುಮಾರು ಅರ್ಧಕ್ಕಿಳಿಯುತ್ತದೆ, ಅಷ್ಟೇ. ಅಲ್ಲಿ ಸೂತ್ರವನ್ನು ತಿರುಗಿಸಿ ಲೆಕ್ಕದಲ್ಲೇ ಬಾಗನ್ನು ತೆಗೆಯುವುದು ಒಳ್ಳೆಯ ದಾರಿ. Vo ಮತ್ತು Vs ಎರಡನ್ನೂ ಅಳೆದು v = Vo / Vs ಎಂದು ಇಟ್ಟುಕೊಂಡರೆ:

```
x = 4v / (1 - 2v)
```

ಈಗ ಅಂಟಿಸಿದ ಮೇಲೆ ಪರೀಕ್ಷಿಸುವುದು ಹೇಗೆ ಎಂದು ಹೇಳಿ ನಿಲ್ಲಿಸುತ್ತೇನೆ. ಖಾಲಿ ಕೊಕ್ಕೆಯಿರುವಾಗ ಪಟ್ಟಿಯ ಮೇಲ್ಮೈಗೆ ಮಾತ್ರ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿಯಿರಿ. ಸೊನ್ನೆ ಸರಿಯುತ್ತದೆ, ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ, ಬಿಸಿ ಉಕ್ಕಿನೊಳಗೆ ಹರಡುತ್ತಿದ್ದಂತೆ, ಪಟ್ಟಿ ಇನ್ನೂ ಬೆಚ್ಚಗಿರುವಾಗಲೇ ಸೊನ್ನೆ ಹಿಂದಿರುಗಬೇಕು. ಪಟ್ಟಿ ಪೂರ್ತಿ ತಣ್ಣಗಾದ ಮೇಲಷ್ಟೇ ಹಿಂದಿರುಗಿದರೆ ನಿಮ್ಮ ಗೇಜ್‌ಗಳು ಒಂದನ್ನೊಂದು ಅಳಿಸುತ್ತಿಲ್ಲ. ಆಮೇಲೆ 10, 20, 30, 40, 50 ಕಿಲೋ ಏರಿಸುತ್ತ, ಹಾಗೆಯೇ ಇಳಿಸುತ್ತ ಬರೆದುಕೊಳ್ಳಿ. ಏರುವಾಗಿನ ಮತ್ತು ಇಳಿಯುವಾಗಿನ ಅಂಕಿ ಬೇರೆ ಬಂದರೆ ಅದು ಬ್ರಿಜ್‌ನ ಬಾಗಲ್ಲ. ಅಂಟು ಗಟ್ಟಿಯಾಗಿಲ್ಲ ಅಥವಾ ಗೋಡೆಯ ಬೋಲ್ಟ್ ಜಾರುತ್ತಿದೆ.

ನಾಲ್ಕು ಗೇಜ್ ಹಾಕಿದ ಮೇಲೆ 50 ಕಿಲೋಗೆ 5 ಮಿಲಿವೋಲ್ಟ್ ಬದಲು ಬಹುತೇಕ ಏನೂ ಬರದಿದ್ದರೆ ಗೇಜ್ ಕೆಟ್ಟಿದೆ ಎಂದು ಕಿತ್ತುಹಾಕಬೇಡಿ. ಮಲ್ಟಿಮೀಟರಿನಲ್ಲಿ ಭೂಮಿ ತಂತಿಯಿಂದ ಒಂದೊಂದು ನಡುಬಿಂದುವನ್ನೂ ಬೇರೆಬೇರೆಯಾಗಿ ನೋಡಿ. ಭಾರ ಹಾಕಿದಾಗ ಎರಡೂ ಒಂದೇ ದಿಕ್ಕಿಗೆ ಎರಡು, ಎರಡೂವರೆ ಮಿಲಿವೋಲ್ಟ್ ಸರಿದರೆ ಒಂದು ಏಣಿಯ ಮೇಲು ಕೆಳಗು ಅದಲುಬದಲಾಗಿದೆ, ಅದರ 5 ವೋಲ್ಟ್ ಮತ್ತು ಭೂಮಿ ತಂತಿಗಳನ್ನು ಬದಲಿಸಿ. ಎರಡೂ ಕದಲದಿದ್ದರೆ ಮೇಲ್ಮೈಯ ಎರಡು ಗೇಜ್‌ಗಳು ಒಂದೇ ಏಣಿಯಲ್ಲಿ ಸೇರಿಕೊಂಡಿವೆ. ಒಂದನ್ನು ಆಚೆ ಏಣಿಗೆ ಕಳುಹಿಸಿ, ಅಲ್ಲಿಂದ ಕೆಳಮೈಯ ಒಂದನ್ನು ಈಚೆಗೆ ತನ್ನಿ.